14.5 ಲಕ್ಷಕ್ಕಿಂತ 13.9 ಲಕ್ಷಕ್ಕೇ ಕೈಗೆ ಜಾಸ್ತಿ ಬರ್ತಿದೆ, ಶೀಟ್ ಎಲ್ಲಿ ತಪ್ಪಿದೆ?

ಕೆಆರ್‌ಪುರ_ಟೆಸ್ಟರ್
ತಲೆ ಕೆಟ್ಟುಹೋಗಿದೆ. ಸೋಮವಾರ ಎಚ್‌ಆರ್‌ಗೆ ಫಿಕ್ಸೆಡ್ ಎಷ್ಟು ಬೇಕು ಅಂತ ಹೇಳಬೇಕು. ತಿಂಗಳಿಗೆ ಕೈಗೆ 1 ಲಕ್ಷ ಬರಬೇಕು, ಅಷ್ಟೇ. ಶೀಟ್‌ನಲ್ಲಿ 13.9 ಲಕ್ಷ ಹಾಕಿದರೆ ಕೈಗೆ 98,939 ತೋರಿಸುತ್ತದೆ. 14.5 ಹಾಕಿದರೆ 98,615ಕ್ಕೆ ಇಳಿಯುತ್ತದೆ. ಸಂಬಳ ಏರಿಸಿದರೆ ಕೈಗೆ ಬರೋದು ಇಳಿಯೋದು ಹೇಗೆ? ತೆರಿಗೆಯ ಸೆಲ್ ಇದು, B5 ಅಂದರೆ ತೆರಿಗೆಗೆ ಸಿಗೋ ಹಣ:

```
=IF(B5<=1200000,0,MIN(60000+(B5-1200000)*15%,B5-1200000)*1.04)
```

ಪಿಎಫ್_ಪಕ್ಕಾ
ನಿಮ್ಮ ಪಿಎಫ್ ನೋಡಿ ಸರ್. ಪೂರ್ತಿ ಬೇಸಿಕ್ ಮೇಲೆ 12% ಹಿಡಿದಿರುತ್ತಾರೆ, ಕಂಪನಿಯ ಪಾಲನ್ನೂ ನಿಮ್ಮ ಸಿಟಿಸಿಯಿಂದಲೇ ತೆಗೆದಿರುತ್ತಾರೆ. 15,000ದ ಮಿತಿ ಮೇಲೆ 1,800ಕ್ಕೆ ಇಳಿಸಿ ಅಂತ ಹೇಳಿ. ಎಲ್ಲ ಸರಿಹೋಗುತ್ತದೆ.

ಹಳೇಪದ್ಧತಿ
ಹಳೇ ತೆರಿಗೆ ಪದ್ಧತಿಗೆ ಬನ್ನಿ. ನಾನು ಬಾಡಿಗೆ, 80ಸಿ, ಮನೆ ಸಾಲದ ಬಡ್ಡಿ ಎಲ್ಲಾ ತೋರಿಸ್ತೀನಿ. ನನ್ನ ಶೀಟ್‌ನಲ್ಲಿ ಮ್ಯಾಕ್ರೋ ಕೂಡ ಇದೆ, ಫಾರ್ಮ್ 16 ಹಾಕಿದರೆ ಸಾಕು.

ಕೆಆರ್‌ಪುರ_ಟೆಸ್ಟರ್
ನನಗೆ ಮನೆ ಸಾಲ ಇಲ್ಲ, ಅಪ್ಪನ ಮನೆಯಲ್ಲೇ ಇದ್ದೀನಿ. ಹೊಸ ಪದ್ಧತಿಯೇ. ಪಿಎಫ್ ಇಳಿಸಿದರೆ ಕೈಗೆ ಜಾಸ್ತಿ ಬರುತ್ತದೆ, ಅದು ಗೊತ್ತು. ಆದರೆ 13.9ಕ್ಕೂ 14.5ಕ್ಕೂ ಒಂದೇ ಪಿಎಫ್ ನಿಯಮ ಹಾಕಿದ್ದೀನಲ್ಲ?

ಲೆಡ್ಜರ್_ಅಕ್ಕ
ಬೇಸಿಕ್ ಎಷ್ಟು? ಗ್ರಾಚ್ಯುಟಿ ಸಿಟಿಸಿ ಒಳಗಿದೆಯಾ? ಅದನ್ನೇ ಹೇಳಿಲ್ಲ ನೀವು.

ಕೆಆರ್‌ಪುರ_ಟೆಸ್ಟರ್
ಬೇಸಿಕ್ ಅರ್ಧ. ಪಿಎಫ್ ಎರಡೂ ಪಾಲು 12%. ಗ್ರಾಚ್ಯುಟಿ 4.81% ಒಳಗೇ ಇದೆ. ಎಲ್ಲಾ ಕಂಪನಿಯಲ್ಲೂ ಹಾಗೇ ಅಲ್ವಾ?

ಲೆಡ್ಜರ್_ಅಕ್ಕ
ಇಲ್ಲ, ಬೇರೆ ಬೇರೆ ಇರುತ್ತದೆ. ನಿಮ್ಮ ಶೀಟ್ ಸರಿಯಾಗೇ ಇದೆ, ಗುಂಡಿ ಇರೋದು ತೆರಿಗೆ ನಿಯಮದಲ್ಲಿ.

13.9ರಲ್ಲಿ ಕಂಪನಿ ಪಾಲಿನ ಪಿಎಫ್ 83,400, ಗ್ರಾಚ್ಯುಟಿ 33,430. ಇವೆರಡು ಹೋದರೆ ಗ್ರಾಸ್ 12,73,170. ಅದರಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 12 ಲಕ್ಷದ ಒಳಗೆ ಬರುತ್ತೀರಿ, 2025-26ರ ಲೆಕ್ಕದಲ್ಲಿ ತೆರಿಗೆ ಸೊನ್ನೆ. ನಿಮ್ಮ ಪಾಲಿನ ಪಿಎಫ್ ಮತ್ತು ವೃತ್ತಿ ತೆರಿಗೆ 2,500 ಮಾತ್ರ ಕಡಿತ.

14.5ಕ್ಕೆ ಗ್ರಾಸ್ 13,28,127. ತೆರಿಗೆಗೆ ಸಿಗೋದು 12,53,127. 12 ಲಕ್ಷ ದಾಟಿದ್ದು 53,127. ಸ್ಲ್ಯಾಬ್ ಪ್ರಕಾರ 67,969 ಆಗಬೇಕಿತ್ತು, ಆದರೆ ದಾಟಿದ ಹಣಕ್ಕಿಂತ ಜಾಸ್ತಿ ತೆರಿಗೆ ಹಾಕೋ ಹಾಗಿಲ್ಲ. ಹಾಗಾಗಿ ಅಷ್ಟೂ ಹೋಯಿತು, ಮೇಲೆ 4% ಸೆಸ್, ಒಟ್ಟು 55,252. ಗ್ರಾಸ್ ಏರಿದ್ದು 54,957. ಅದರ ಜೊತೆ ನಿಮ್ಮ ಪಿಎಫ್ ಪಾಲೂ ಏರಿತು. ಇಳಿಯದೆ ಇನ್ನೇನಾಗುತ್ತದೆ?

ತೆರಿಗೆಗೆ ಸಿಗೋ ಹಣ ಸುಮಾರು 12.7 ಲಕ್ಷ ದಾಟೋವರೆಗೆ ಇದೇ ಕಥೆ. ನಿಮ್ಮ ರಚನೆಯಲ್ಲಿ 1 ಲಕ್ಷ ಮುಟ್ಟೋಕೆ 14.95 ಲಕ್ಷ ಬೇಕು. 15 ಕೇಳಿ, 1,00,299 ಬರುತ್ತದೆ.

ಪಿಎಫ್_ಪಕ್ಕಾ
ಅದಕ್ಕೇ ನಾನು ಹೇಳಿದ್ದು! 1,800 ಮಾಡಿಸಿದರೆ 12.77 ಲಕ್ಷದಲ್ಲೇ 1 ಲಕ್ಷ ಕೈಗೆ ಬರುತ್ತದೆ. ಸುಮ್ನೆ 15 ಯಾಕೆ?

ಲೆಡ್ಜರ್_ಅಕ್ಕ
ಲೆಕ್ಕ ಸರಿ. ಆದರೆ 15ರಲ್ಲಿ ವರ್ಷಕ್ಕೆ 1.8 ಲಕ್ಷ ಅವರ ಪಿಎಫ್ ಖಾತೆಗೆ ಹೋಗುತ್ತದೆ, ನಿಮ್ಮದರಲ್ಲಿ 43,200. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಪಿಎಫ್ ಇಳಿಸೋದು ಕಂಪನಿ ಕೈಯಲ್ಲಿದೆ, ಒಪ್ಪದ ಕಡೆಯೂ ನೋಡಿದ್ದೀನಿ.

ಪಿಎಫ್_ಪಕ್ಕಾ
ನಮ್ಮಲ್ಲಿ ಒಪ್ಪಿದ್ದಾರೆ. ಕೇಳಿದರೆ ಕೊಡುತ್ತಾರೆ.

ಕೆಆರ್‌ಪುರ_ಟೆಸ್ಟರ್
ಅವರು 14.5ಕ್ಕೇ ನಿಂತರೆ?

ಲೆಡ್ಜರ್_ಅಕ್ಕ
ಆಗ ಎನ್‌ಪಿಎಸ್ ಕೇಳಿ. ಕಂಪನಿ ಹಾಕೋ ಪಾಲಾಗಿ ತಿಂಗಳಿಗೆ 4,500, ನಿಮ್ಮ ಫಿಕ್ಸೆಡ್ ಒಳಗಿಂದಲೇ. ಹೊಸ ಪದ್ಧತಿಯಲ್ಲೂ ಬೇಸಿಕ್‌ನ 14%ವರೆಗೆ ಅದಕ್ಕೆ ವಿನಾಯಿತಿ ಇದೆ. 54,000 ಕಳೆದರೆ 12 ಲಕ್ಷದ ಕೆಳಗೆ ಬರುತ್ತೀರಿ, 55,252 ತೆರಿಗೆ ಪೂರ್ತಿ ಮಾಯ. ಕೈಗೆ 98,700ರ ಆಸುಪಾಸು ಬರುತ್ತದೆ, ಅಂದರೆ ಮೊದಲಿಗಿಂತ ಕಡಿಮೆ ಇಲ್ಲ. ನೀವೇ ಸ್ವಂತವಾಗಿ ಎನ್‌ಪಿಎಸ್‌ಗೆ ಕಟ್ಟಿದರೆ ಈ ವಿನಾಯಿತಿ ಸಿಗಲ್ಲ, ಸಂಬಳದ ರಚನೆಯಲ್ಲೇ ಇರಬೇಕು. ನಿವೃತ್ತಿವರೆಗೆ ಆ ದುಡ್ಡು ಸುಲಭಕ್ಕೆ ಕೈಗೆ ಬರಲ್ಲ, ಅದನ್ನೂ ಯೋಚಿಸಿ.

ಹಳೇಪದ್ಧತಿ
ನಾನು ಎನ್‌ಪಿಎಸ್‌ಗೂ ಬೇರೆ ಶೀಟ್ ಮಾಡಿದ್ದೀನಿ, ಬೇಕಾದವರು ಕೇಳಿ.

ಹುಬ್ಬಳ್ಳಿ_ಸಪೋರ್ಟ್
ನಮ್ಮಲ್ಲಿ ಫಿಕ್ಸೆಡ್ ಜೊತೆ 10% ವೇರಿಯಬಲ್ ಸೇರಿಸಿ ಹೇಳ್ತಾರ್ರೀ. ಅದು ಮಾರ್ಚ್‌ನಲ್ಲಿ ಬಂದರೆ 12 ಲಕ್ಷ ದಾಟುತ್ತದೆ. ಆಗ ಏನು ಮಾಡಬೇಕು?

ಲೆಡ್ಜರ್_ಅಕ್ಕ
ಅದು ಬೇರೆ ಲೆಕ್ಕ. ಬೇಸಿಕ್, ವೇರಿಯಬಲ್ ಎರಡೂ ಹಾಕಿ ಬೇರೆ ಥ್ರೆಡ್ ಶುರು ಮಾಡಿ.

ಕೆಆರ್‌ಪುರ_ಟೆಸ್ಟರ್
15 ಕೇಳ್ತೀನಿ. ಆಗಲ್ಲ ಅಂದರೆ 14.5 ಜೊತೆ ಎನ್‌ಪಿಎಸ್. ಆ ಕಂಪನಿಯಲ್ಲಿ ಎನ್‌ಪಿಎಸ್ ಸೌಲಭ್ಯ ಇದೆಯಾ ಅಂತ ಮೇಲ್ ಹಾಕಿದ್ದೀನಿ, ಉತ್ತರ ಬಂದಿಲ್ಲ.