ಪದಚರ್ಚೆ: ಆಟದ ಟೈಲ್‌ಗಳ ನಡುವೆ ಕಾಣುವ ಗೆರೆಗೆ ಏನನ್ನೋಣ?

ಕಲಬುರಗಿಯಿಂದ ಪ್ರಶ್ನೆ

ನಮಸ್ಕಾರ. ನಾನೊಂದು ಸಣ್ಣ ಗೇಮ್ ಮಾಡುತ್ತಿದ್ದೇನೆ. ಅದರ ಟಿಪ್ಪಣಿಗಳನ್ನು ಕನ್ನಡದಲ್ಲೇ ಬರೆಯುವ ಹಟ. ನೆಲವೆಲ್ಲ 16 ಪಿಕ್ಸೆಲ್‌ನ ಚೌಕ ಟೈಲ್‌ಗಳು, ಬ್ರೌಸರಿನ ಕ್ಯಾನ್ವಾಸ್ ಮೇಲೆ ಬಿಡಿಸಿದ್ದು. ಕ್ಯಾಮೆರಾ 40ರಲ್ಲಿ ನಿಂತರೆ ನೆಲ ಚೊಕ್ಕ. 40.37ಕ್ಕೆ ಸರಿದರೆ ಟೈಲ್‌ಗಳ ನಡುವೆ ಕೂದಲೆಳೆಯ ಗೆರೆ ಮಿನುಗುತ್ತದೆ. ‘ಬಿರುಕು’ ಅಂತ ಬರೆದೆ, ಮನಸ್ಸಿಗೆ ಒಪ್ಪಲಿಲ್ಲ. ಒಂದೇ ವಸ್ತು ಒಡೆದರಲ್ವಾ ಬಿರುಕು?

ಯಾದಗಿರಿಯಿಂದ

ಶಹಾಬಾದ್ ಕಲ್ಲು ಹಾಕಿಸಿದಾಗ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಸಂದಿನಲ್ಲಿ ಬಿಳಿ ಸಿಮೆಂಟ್ ತುಂಬಿಸಿ, ಸರಿಹೋಗುತ್ತದೆ. ಎರಡು ದಿನ ಮೇಲೆ ಓಡಾಡಬೇಡಿ.

ಬೀದರ್‌ನಿಂದ

ಇದು ಪಕ್ಕದ ಟೈಲ್‌ನ ಬಣ್ಣ. ಚಿತ್ರಗಳೆಲ್ಲ ಒಂದೇ ಹಾಳೆಯಲ್ಲಿ ಒತ್ತೊತ್ತಾಗಿರುತ್ತವೆ. ಅಂಚಿನಲ್ಲಿ ಬಣ್ಣ ಬೆರೆಸುವಾಗ ಪಕ್ಕದ್ದೂ ಸೇರುತ್ತದೆ. ಬಿಳಿ ಅಂಗಿಯನ್ನು ಕೆಂಪು ಬಟ್ಟೆ ಜೊತೆ ನೆನೆಸಿದ ಹಾಗೆ. ‘ಬಣ್ಣ ಹತ್ತುವುದು’ ಅನ್ನಿ. ಸ್ಮೂದಿಂಗ್ ಆಫ್ ಮಾಡಿ, ಹೋಗುತ್ತದೆ.

ಕಲಬುರಗಿಯಿಂದ

ಸರ್, ಆಫ್ ಮಾಡಿದೆ. ಗೆರೆ ಹಾಗೇ ಇದೆ.

ಕಲಬುರಗಿಯಿಂದ, ಇನ್ನೊಬ್ಬರು

ತಮ್ಮಾ, ಹೆಸರಿಡುವ ಮೊದಲು ಒಂದು ಪರೀಕ್ಷೆ ಮಾಡು. ಹಿನ್ನೆಲೆಗೆ ಕಣ್ಣು ಕುಕ್ಕುವ ಗುಲಾಬಿ ಬಳಿ. ಗೆರೆಯೂ ಗುಲಾಬಿ ಆದರೆ ಹಿಂದಿನದು ಇಣುಕುತ್ತಿದೆ. ಬದಲಾಗದಿದ್ದರೆ ಬೀದರಿನವರು ಹೇಳಿದ್ದೇ ಸರಿ. ಆಗ ಹಾಳೆಯಲ್ಲಿ ಪ್ರತಿ ಟೈಲ್‌ನ ಅಂಚಿನ ಸಾಲನ್ನು ಹೊರಗೂ ಒಂದು ಪಿಕ್ಸೆಲ್ ನಕಲು ಮಾಡಬೇಕು.

ನಿನ್ನದು ಇಣುಕುವ ಜಾತಿ ಅನಿಸುತ್ತದೆ. 48ರ ಅಂಚು ಪರದೆಯಲ್ಲಿ 7.63ಕ್ಕೆ ಬೀಳುತ್ತದೆ. ಆ ಒಂದು ಪಿಕ್ಸೆಲ್‌ನಲ್ಲಿ ಎಡಗಡೆ ಟೈಲ್‌ಗೆ 63 ಪಾಲು, ಬಲದ್ದಕ್ಕೆ 37. ಕೂಡಿದರೆ ನೂರು, ಆದರೆ ಕ್ಯಾನ್ವಾಸ್ ಕೂಡುವುದಿಲ್ಲ, ಒಂದರ ಮೇಲೊಂದು ತೆಳುವಾಗಿ ಬಳಿಯುತ್ತದೆ. ಮೊದಲ ಕೈಗೆ ಹಿನ್ನೆಲೆ 37 ಉಳಿಯಿತು. ಎರಡನೇ ಕೈ ಅದರಲ್ಲಿ 37 ಪಾಲನ್ನಷ್ಟೇ ಮುಚ್ಚಿತು. ಸುಮಾರು 23 ಪಾಲು ಹಿನ್ನೆಲೆ ಹಾಗೇ ಉಳಿಯಿತು. ಅದೇ ನಿನ್ನ ಗೆರೆ.

ಬಿಡಿಸುವ ಹೊತ್ತಿಗೆ ಮಾತ್ರ ದುಂಡು ಮಾಡು:

```
const x = Math.round(camX);
```

`camX` ಅನ್ನೇ ಬದಲಿಸಬೇಡ, ನಿಧಾನದ ಚಲನೆ ನಿಂತೇಬಿಡುತ್ತದೆ. ಜೂಮ್ 1.3 ಇಟ್ಟರೆ ಟೈಲ್ 20.8 ಪಿಕ್ಸೆಲ್ ಆಗುತ್ತದೆ, ಆಗ ಇದೂ ಸಾಲದು.

ಪದಕ್ಕೆ ಬಂದರೆ, ಯಾದಗಿರಿಯವರು ಪ್ರಶ್ನೆ ತಪ್ಪು ತಿಳಿದರೂ ಪದ ಸರಿಯಾಗಿ ಕೊಟ್ಟಿದ್ದಾರೆ: ‘ಸಂದು’.

ಕಲಬುರಗಿಯಿಂದ

ಗುಲಾಬಿಯೇ ಬಂತಣ್ಣ! ದುಂಡು ಮಾಡಿದ ಮೇಲೆ ಗೆರೆ ಹೋಯಿತು, ನಿಧಾನ ನಡೆದಾಗ ನೆಲ ಸ್ವಲ್ಪ ಕುಣಿಯುತ್ತದೆ. ‘ಸಂದು’ ಅಂತ ಬರೆದುಕೊಂಡೆ.

ಬೀದರ್‌ನಿಂದ

ಸಂದು ಅಂದರೆ ನಿಜವಾಗಿ ಜಾಗ ಬಿಟ್ಟಿರಬೇಕಲ್ವಾ? ಇಲ್ಲಿ ಎರಡೂ ಟೈಲ್ ತಾಗಿಕೊಂಡೇ ಇವೆ. ನನಗಿನ್ನೂ ಒಪ್ಪಿಗೆಯಿಲ್ಲ. ‘ಇಣುಕುಗೆರೆ’ ಅಂದರೆ ಹೇಗೆ?