ಸಹಾಯ ಬೇಕು: ಪೂರ್ವ-ಪಶ್ಚಿಮ ಮಾಡಿಗೆ ಯಾವ ಸೋಲಾರ್ ಇನ್ವರ್ಟರ್?

ನಮಸ್ಕಾರ. ಶಿವಮೊಗ್ಗದಲ್ಲಿ ನಮ್ಮದು ಹೆಂಚಿನ ಮನೆ. 540 ವ್ಯಾಟಿನ 10 ಪ್ಯಾನೆಲ್ ಹಾಕಿಸಬೇಕು: ಪೂರ್ವದ ಮಾಡಿಗೆ 6, ಪಶ್ಚಿಮಕ್ಕೆ 4. ಪಶ್ಚಿಮದಲ್ಲಿ ತೆಂಗಿನ ಮರವಿದೆ, ಸಂಜೆ ಒಂದು ಪ್ಯಾನೆಲ್ ಮೇಲೆ ನೆರಳು ಬೀಳುತ್ತದೆ.

ಹತ್ತನ್ನೂ ಒಂದೇ ಸ್ಟ್ರಿಂಗ್ ಮಾಡಿದರೆ ಬಿಸಿಲು ಕಡಿಮೆ ಇರುವ ಕಡೆಯ ಪ್ಯಾನೆಲ್‌ಗಳು ಉಳಿದವುಗಳ ಉತ್ಪಾದನೆಯನ್ನೂ ಕೆಳಗೆಳೆಯುತ್ತವೆ. ಹಾಗಾಗಿ ಅದು ಬೇಡ. ಎರಡು ಎಂಪಿಪಿಟಿ ಇರುವ ಸ್ಟ್ರಿಂಗ್ ಇನ್ವರ್ಟರ್ ಹಾಕಿ, ಒಂದೊಂದು ದಿಕ್ಕಿಗೆ ಒಂದೊಂದು ಕೊಟ್ಟರೆ ಸಾಕು, ಮೈಕ್ರೋಇನ್ವರ್ಟರ್ ಸುಮ್ನೆ ಖರ್ಚು ಅಂತಾರೆ ಇನ್‌ಸ್ಟಾಲರ್. ದಿಕ್ಕಿನ ಮಟ್ಟಿಗೆ ಸರಿ ಅನ್ನಿಸಿತು.

ನನ್ನ ಅನುಮಾನ ಪಶ್ಚಿಮದ ನಾಲ್ಕರ ಬಗ್ಗೆ. ಪ್ಯಾನೆಲ್‌ಗೆ 41 ವೋಲ್ಟ್, ಒಟ್ಟು 164. ಬೇಸಿಗೆಯಲ್ಲಿ ಪ್ಯಾನೆಲ್ ಕಾದು 65 ಡಿಗ್ರಿಗೆ ಹೋದರೆ ಇದು 140ರ ಆಸುಪಾಸಿಗೆ ಇಳಿಯುತ್ತದೆ. ಆ ಇನ್ವರ್ಟರಿನ ಎಂಪಿಪಿಟಿ ಶುರುವಾಗುವುದೇ 140ಕ್ಕೆ! ನೆರಳಿಗೆ ಒಂದು ಪ್ಯಾನೆಲ್ ಬೈಪಾಸ್ ಆದರೆ ಉಳಿದ ಮೂರರಿಂದ ಅಷ್ಟು ಬರಲ್ಲ ಅಲ್ವಾ?

ಆಪ್ಟಿಮೈಸರ್ ಹಾಕಿದರೂ ಈ ವೋಲ್ಟೇಜ್ ತಾಪತ್ರಯ ಉಳಿಯುತ್ತದಾ? ಅಥವಾ ಪೂರ್ವಕ್ಕೆ ಸ್ಟ್ರಿಂಗ್, ಪಶ್ಚಿಮದ ನಾಲ್ಕಕ್ಕೆ ಮಾತ್ರ ಮೈಕ್ರೋ ಹಾಕಬಹುದಾ? ಮೈಕ್ರೋ ಕೆಟ್ಟರೆ ಮಳೆಗಾಲದಲ್ಲಿ ಹೆಂಚಿನ ಮೇಲೆ ಹತ್ತುವವರು ಯಾರು ಅನ್ನುವುದೂ ಇದೆ. ಇಂಥ ಮಾಡಿಗೆ ಹಾಕಿಸಿದವರು ದಯವಿಟ್ಟು ತಿಳಿಸಿ.