ಸಹಾಯ ಬೇಕು: ರಿವ್ಯೂಗೆ ಕಳಿಸೋ ಎರಡು ಕಾಲಮ್ ಟೇಬಲ್‌ನಲ್ಲಿ ಖಾಲಿ ಸಾಲು ಬಂದರೆ ಏನು ಮಾಡುತ್ತೀರಿ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಆಸ್ಪತ್ರೆಗೆ ಆಪರೇಷನ್ ಮುಂಚಿನ ಸೂಚನೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿದ್ದೇನೆ. ಪರಿಶೀಲಿಸುವ ಡಾಕ್ಟರ್ ಮೇಡಂ ಹತ್ತಿರ ವರ್ಡ್ ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ memoQ ಇಂದ Two-column RTF ತೆಗೆದು ಕಳಿಸಬೇಕು. ಎಡಕ್ಕೆ ಮೂಲ, ಬಲಕ್ಕೆ ಅನುವಾದ, ಪಕ್ಕದಲ್ಲಿ ಕಾಮೆಂಟ್ ಕಾಲಮ್. ಅವರು ತಿದ್ದಿದ್ದು ವಾಪಸ್ ಇಂಪೋರ್ಟ್ ಆಗಬೇಕು. ಅದಕ್ಕೇ ಸಾಲು ಅಳಿಸಬೇಡಿ, ಸೆಲ್ ಸೇರಿಸಬೇಡಿ, ಐಡಿ ಮುಟ್ಟಬೇಡಿ ಅಂತ ಮೊದಲೇ ಬರೆದು ಕಳಿಸುತ್ತೇನೆ.

ತೊಡಕು ಇಲ್ಲಿದೆ. "ರಾತ್ರಿ 12ರ ನಂತರ ಊಟ ಬೇಡ", "ನೀರು ಬೆಳಗ್ಗೆ 6ರವರೆಗೆ ಕುಡಿಯಬಹುದು" ಇವು ಇಂಗ್ಲಿಷಲ್ಲಿ ಎರಡು ವಾಕ್ಯ. ಕನ್ನಡದಲ್ಲಿ "ಊಟ ಬೇಡ, ಆದರೆ ನೀರು..." ಅಂತ ಒಂದೇ ಮಾಡಿದರೆ ಓದೋಕೆ ಚೆನ್ನಾಗಿದೆ. ಆಗ ಎರಡನೇ ಸಾಲು ಖಾಲಿ. ಮೇಡಂ ಅದನ್ನು ಬಿಟ್ಟುಹೋಗಿದೆ ಅಂದುಕೊಳ್ಳುತ್ತಾರೆ, ಅಲ್ವಾ? ಒಂದೇ ಪ್ಯಾರಾದಲ್ಲಿದ್ದರೆ ಎಕ್ಸ್‌ಪೋರ್ಟ್‌ಗೆ ಮುಂಚೆ Ctrl+J ಒತ್ತಿ ಸೇರಿಸುತ್ತೇನೆ. ಇಲ್ಲಿ ಎರಡೂ ಬೇರೆ ಬೇರೆ ಬುಲೆಟ್, ಸೇರಿಸೋಕೆ ಬಿಡುತ್ತಿಲ್ಲ.

ಕಾಮೆಂಟ್‌ನಲ್ಲಿ "ಮೇಲಿನ ಸಾಲಿನಲ್ಲಿದೆ" ಅಂತ ಹಾಕಿದರೆ ಸಾಕಾ? ಇಲ್ಲಾ, ಸುಮ್ನೆ ಎರಡು ವಾಕ್ಯವಾಗಿಯೇ ಒಡೆಯಲಾ? ಖಾಲಿ ಬಿಟ್ಟರೆ ಬುಲೆಟ್ ಗುರುತು ಮಾತ್ರ ಉಳಿಯುತ್ತೆ ಅನ್ನೋ ಭಯ ಜಾಸ್ತಿ. ಇಂಥದ್ದನ್ನು ನಿಭಾಯಿಸಿದವರು ದಯವಿಟ್ಟು ಹೇಳಿ.